ಲಾಭದ ಪಾಲು ಹಂಚುವಾಗ ಸಂಬಳವನ್ನೂ ತಿಂಗಳನ್ನೂ ಹೇಗೆ ಸೇರಿಸಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಏಳು ಜನ ಕೆಲಸಗಾರರ ಮಷೀನ್ ಶಾಪ್. ನಾನು ಅಲ್ಲಿ ಲೆಕ್ಕ ಬರೆಯುತ್ತೇನೆ. ಈ ವರ್ಷದ ಲಾಭದಲ್ಲಿ ₹2,50,000 ತೆಗೆದಿಟ್ಟಿದ್ದೇನೆ, ಸಂಬಳ ಮತ್ತು ದುಡಿದ ತಿಂಗಳು ನೋಡಿ ಎಲ್ಲರಿಗೂ ಹಂಚಿ ಅಂತ ಮಾಲೀಕರು ಹೇಳಿದ್ದಾರೆ. ಸಂಬಳದ ಪ್ರಮಾಣದಲ್ಲಿ ಪಾಲು ಮಾಡಿ, ವರ್ಷದ ನಡುವೆ ಬಂದವರಿಗೆ ತಿಂಗಳ ಲೆಕ್ಕದಲ್ಲಿ ಕಡಿಮೆ ಮಾಡಿದೆ. ಒಟ್ಟು ₹2,18,208 ಮಾತ್ರ ಆಗುತ್ತಿದೆ, ₹31,792 ಉಳಿದುಬಿಡುತ್ತದೆ. ಇದು ಯಾರಿಗೆ ಸೇರಬೇಕು? ಸಿಎ ಆಫೀಸಿನ ಹುಡುಗ ಬೇರೆ ರೀತಿ ಮಾಡಿಕೊಟ್ಟ. ಅದರಲ್ಲಿ ಮೊತ್ತ ಸರಿಯಾಗಿ ಕೂಡುತ್ತದೆ, ಆದರೆ ಅಕ್ಟೋಬರಿನಲ್ಲಿ ಸೇರಿದ ಟರ್ನರ್‌ಗೆ ₹10,949 ಬರುತ್ತದೆ. ಅದು ತೀರಾ ಕಡಿಮೆ ಅನಿಸುತ್ತಿದೆ. ನವೆಂಬರ್ ಕೊನೆಗೆ ಬಿಟ್ಟು ಹೋದ ಹೆಲ್ಪರ್‌ಗೂ ಕೊಡಬೇಕೆ?

ಉತ್ತರ: ಉಳಿದ ಆ ₹31,792 ಯಾರಿಗೂ ಸೇರಬೇಕಾದ ಹಣವಲ್ಲ. ಸರಿಯಾಗಿ ಹಂಚಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ. ಸಿಎ ಆಫೀಸಿನ ಪಟ್ಟಿಯೂ ತಪ್ಪೇ, ಮತ್ತು ಅದು ನಿಮ್ಮದಕ್ಕಿಂತ ಕೆಟ್ಟ ತಪ್ಪು. ನಿಮ್ಮ ತಪ್ಪು ಕೂಡಿಸಿದಾಗ ಕಣ್ಣಿಗೆ ಬಿತ್ತು, ಅದು ಬೀಳುವುದಿಲ್ಲ.

ನೀವು ಮಾಡಿದ್ದು ಹೀಗೆ. ಏಳು ಜನರ ತಿಂಗಳ ಸಂಬಳ ಕೂಡಿಸಿದಿರಿ, ₹1,73,000 ಆಯಿತು. ಒಬ್ಬೊಬ್ಬರ ಸಂಬಳ ಅದರಲ್ಲಿ ಎಷ್ಟು ಭಾಗವೋ ಅಷ್ಟು ಭಾಗ ₹2,50,000ದಲ್ಲಿ ತೆಗೆದಿರಿ. ಆಗ ಪೂರ್ತಿ ಹಣ ಹಂಚಿ ಮುಗಿದಿತ್ತು. ಆಮೇಲೆ ಆರು ತಿಂಗಳು ದುಡಿದವರ ಪಾಲನ್ನು ಅರ್ಧ ಮಾಡಿದಿರಿ, ಒಂಬತ್ತು ತಿಂಗಳಿನವರದ್ದನ್ನು ಮುಕ್ಕಾಲು ಮಾಡಿದಿರಿ. ಹೀಗೆ ಕತ್ತರಿಸಿದ ಹಣ ಉಳಿದವರ ಕಡೆಗೆ ಹೋಗಲಿಲ್ಲ, ಮಾಲೀಕರ ಕೈಯಲ್ಲೇ ಉಳಿಯಿತು. ತಿಂಗಳ ಲೆಕ್ಕ ಒಬ್ಬೊಬ್ಬರ ಪಾಲಿನಲ್ಲಿ ಬಂತು, ಭಾಗಿಸುವ ಒಟ್ಟು ಸಂಖ್ಯೆಯಲ್ಲಿ ಬರಲಿಲ್ಲ ಎನ್ನುವುದಷ್ಟೇ ಇದರ ಮೂಲ.

ಆದ್ದರಿಂದ ಸಂಬಳವನ್ನೂ ತಿಂಗಳನ್ನೂ ಮೊದಲು ಗುಣಿಸಿ ಒಂದೇ ಸಂಖ್ಯೆ ಮಾಡಿಕೊಳ್ಳಿ. ಅದನ್ನು ಅಂಕ ಅನ್ನೋಣ. ₹24,000 ಸಂಬಳದ ಟರ್ನರ್ 6 ತಿಂಗಳು ದುಡಿದಿದ್ದರೆ ಅವರ ಅಂಕ 1,44,000. ಎಲ್ಲರ ಅಂಕ ಕೂಡಿಸಿ, ಆ ಮೊತ್ತದಲ್ಲಿ ಒಬ್ಬೊಬ್ಬರ ಅಂಕ ಎಷ್ಟು ಭಾಗವೋ ಅಷ್ಟು ಹಣ ಅವರಿಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಿಮ್ಮ ಪಟ್ಟಿ ಹೀಗಾಗುತ್ತದೆ:

| ಕೆಲಸ | ತಿಂಗಳ ಸಂಬಳ | ತಿಂಗಳು | ಅಂಕ | ಪಾಲು (₹) |
|---|---|---|---|---|
| ಸೂಪರ್‌ವೈಸರ್ | 40,000 | 12 | 4,80,000 | 66,666.67 |
| ಸಿಎನ್‌ಸಿ ಆಪರೇಟರ್ | 28,000 | 12 | 3,36,000 | 46,666.67 |
| ಲೆಕ್ಕದವರು | 25,000 | 12 | 3,00,000 | 41,666.67 |
| ಟರ್ನರ್ (ಅಕ್ಟೋಬರ್ 1ರಿಂದ) | 24,000 | 6 | 1,44,000 | 20,000 |
| ಮಿಲ್ಲಿಂಗ್ ಆಪರೇಟರ್ | 20,000, ಆಮೇಲೆ 22,000 | 6 + 6 | 2,52,000 | 35,000 |
| ಹೆಲ್ಪರ್ (ಜುಲೈ 1ರಿಂದ) | 16,000 | 9 | 1,44,000 | 20,000 |
| ಹೆಲ್ಪರ್ (ನವೆಂಬರ್ ಕೊನೆವರೆಗೆ) | 18,000 | 8 | 1,44,000 | 20,000 |
| ಒಟ್ಟು | | | 18,00,000 | 2,50,000 |

ಅಂಕ ಅಂದರೆ ಆ ವರ್ಷ ಆ ವ್ಯಕ್ತಿ ಗಳಿಸಿದ ಸಂಬಳವೇ ಎನ್ನುವುದನ್ನು ಗಮನಿಸಿ. ₹2,50,000ವನ್ನು 18,00,000ರಿಂದ ಭಾಗಿಸಿದರೆ ಸುಮಾರು 13.89 ಶೇಕಡಾ ಬರುತ್ತದೆ. ಪ್ರತಿಯೊಬ್ಬರಿಗೂ ಅವರ ವರ್ಷದ ಗಳಿಕೆಯ 13.89 ಶೇಕಡಾ ಸಿಗುತ್ತಿದೆ. ವರ್ಷಪೂರ್ತಿ ದುಡಿದವರಿಗೆ ಇದು ಒಂದು ತಿಂಗಳು ಇಪ್ಪತ್ತು ದಿನದ ಸಂಬಳ, ಆರು ತಿಂಗಳು ದುಡಿದವರಿಗೆ ಇಪ್ಪತ್ತೈದು ದಿನದ್ದು. ಶಾಪಿನಲ್ಲಿ ಹೇಳುವಾಗ ಈ ಶೇಕಡಾವನ್ನಷ್ಟೇ ಹೇಳಿದರೆ ಸಾಕು. ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ತಾಳೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರ ಸಂಬಳ ಎಷ್ಟೆಂದು ಬಯಲಾಗುವುದೂ ಇಲ್ಲ.

ಈಗ ಸಿಎ ಆಫೀಸಿನ ಪಟ್ಟಿಗೆ ಬರೋಣ. ಅಲ್ಲಿ ಆಗಿರುವುದು ಬಹಳ ಕಡೆ ಆಗುವ ತಪ್ಪು. ಅವರು ಸಂಬಳದ ರಿಜಿಸ್ಟರಿನಿಂದ ವರ್ಷದಲ್ಲಿ ಕೊಟ್ಟ ಒಟ್ಟು ಸಂಬಳವನ್ನು ತೆಗೆದುಕೊಂಡು, ಅದನ್ನು ಮತ್ತೆ ದುಡಿದ ತಿಂಗಳಿನಿಂದ ಗುಣಿಸಿದ್ದಾರೆ. ಟರ್ನರ್‌ಗೆ ಕೊಟ್ಟ ₹1,44,000ದಲ್ಲೇ ಆರು ತಿಂಗಳ ಲೆಕ್ಕ ಸೇರಿದೆ. ಅದನ್ನು ಇನ್ನೊಮ್ಮೆ 6ರಿಂದ ಗುಣಿಸಿದರೆ ತಿಂಗಳು ಎರಡು ಸಲ ಲೆಕ್ಕಕ್ಕೆ ಬಂತು. ಅರ್ಧ ವರ್ಷ ದುಡಿದವರಿಗೆ, ಅದೇ ಸಂಬಳದಲ್ಲಿ ಪೂರ್ತಿ ವರ್ಷ ದುಡಿದವರ ಕಾಲು ಭಾಗ ಮಾತ್ರ ಸಿಗುತ್ತದೆ. ಹಾಗಾಗಿಯೇ ₹20,000 ಬರಬೇಕಾದವರಿಗೆ ₹10,949 ಬಂದಿದೆ. ಅವರಿಂದ ಹೋದದ್ದು ವರ್ಷಪೂರ್ತಿ ಇದ್ದವರಿಗೆ ಸೇರಿದೆ: ಸೂಪರ್‌ವೈಸರ್ ಪಾಲು ₹66,667ರಿಂದ ₹72,993ಕ್ಕೆ ಏರಿದೆ. ಒಟ್ಟು ಮೊತ್ತ ಮಾತ್ರ ₹2,50,000 ಆಗಿಯೇ ಇರುತ್ತದೆ, ಯಾಕೆಂದರೆ ಅಂಕಗಳು ಎಂಥವೇ ಇರಲಿ, ಅವುಗಳದೇ ಮೊತ್ತದಿಂದ ಭಾಗಿಸಿದರೆ ಭಾಗಗಳು ಕೂಡಿದಾಗ ಪೂರ್ಣವೇ. ಮೊತ್ತ ಕೂಡಿದೆ ಎಂಬುದು ಲೆಕ್ಕ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಇದನ್ನು ಹಿಡಿಯಲು ಸುಲಭದ ದಾರಿಯೊಂದಿದೆ. ವರ್ಷದಲ್ಲಿ ಒಂದೇ ಮೊತ್ತ ಗಳಿಸಿದ ಇಬ್ಬರನ್ನು ಹುಡುಕಿ. ನಿಮ್ಮಲ್ಲಿ ಅದೃಷ್ಟಕ್ಕೆ ಮೂವರಿದ್ದಾರೆ: ಟರ್ನರ್ ಮತ್ತು ಇಬ್ಬರು ಹೆಲ್ಪರ್‌ಗಳು, ಎಲ್ಲರದ್ದೂ ₹1,44,000. ಸರಿಯಾದ ಪಟ್ಟಿಯಲ್ಲಿ ಮೂವರಿಗೂ ಒಂದೇ ಪಾಲು ಬರಬೇಕು. ಸಿಎ ಆಫೀಸಿನ ಪಟ್ಟಿಯಲ್ಲಿ ₹10,949, ₹16,423, ₹14,599 ಅಂತ ಮೂರು ಬಗೆ ಬಂದಿರುತ್ತದೆ. ಅಂಥ ಜೋಡಿ ಸಿಗದಿದ್ದರೆ ಪ್ರತಿ ಸಾಲಿನಲ್ಲೂ ಪಾಲನ್ನು ವರ್ಷದ ಗಳಿಕೆಯಿಂದ ಭಾಗಿಸಿ ನೋಡಿ. ಎಲ್ಲ ಸಾಲಿನಲ್ಲೂ ಒಂದೇ ಶೇಕಡಾ ಬರದಿದ್ದರೆ ಎಲ್ಲೋ ಎಡವಿದ್ದೀರಿ.

ನಿಮ್ಮ ಪಟ್ಟಿಯಲ್ಲಿ ಇನ್ನೊಂದು ತಪ್ಪೂ ಇತ್ತು. ಮಿಲ್ಲಿಂಗ್ ಆಪರೇಟರ್‌ಗೆ ಅಕ್ಟೋಬರಿನಲ್ಲಿ ₹20,000ದಿಂದ ₹22,000ಕ್ಕೆ ಏರಿದೆ, ನೀವು ಮಾರ್ಚ್ ಸಂಬಳವನ್ನೇ ಹನ್ನೆರಡು ತಿಂಗಳಿಗೂ ಹಿಡಿದಿದ್ದೀರಿ. ಸರಿಯಾದ ಸೂತ್ರದಲ್ಲೂ ಹಾಗೇ ಬಿಟ್ಟರೆ ಅವರ ಪಾಲು ₹35,000 ಬದಲು ₹36,424 ಆಗುತ್ತದೆ, ಆ ₹1,424 ಉಳಿದ ಆರು ಜನರ ಪಾಲಿನಿಂದ ಬರುತ್ತದೆ. ಸಂಬಳ ಬದಲಾದಾಗಲೆಲ್ಲ ಆ ತಿಂಗಳುಗಳನ್ನು ಬೇರೆ ಬೇರೆ ಗುಣಿಸಿ ಕೂಡಿಸಿ. ಮಾರ್ಚ್‌ನಲ್ಲಿ ಏರಿಕೆ ಕೊಡುವ ಕಡೆ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ, ಒಂದು ತಿಂಗಳ ಏರಿಕೆಗೆ ಹನ್ನೆರಡು ತಿಂಗಳ ಪಾಲು ಸಿಗುತ್ತದೆ.

ಹಾಗಿದ್ದರೆ ರಿಜಿಸ್ಟರಿನಲ್ಲಿರುವ ವರ್ಷದ ಒಟ್ಟು ಸಂಬಳವನ್ನೇ ಅಂಕವಾಗಿ ತೆಗೆದುಕೊಂಡರೆ ಆಗದೆ? ಆಗುತ್ತದೆ, ಮತ್ತೆ ತಿಂಗಳಿನಿಂದ ಗುಣಿಸದಿದ್ದರೆ ಸಾಕು. ಆದರೆ ಅದರಲ್ಲಿ ಓವರ್‌ಟೈಮ್, ಹಬ್ಬದ ಉಡುಗೊರೆ, ರಜೆ ಮಾರಿದ ಹಣ ಎಲ್ಲ ಸೇರಿಕೊಂಡಿರುತ್ತದೆ. ರಾತ್ರಿ ಪಾಳಿಯಲ್ಲಿ ಹೆಚ್ಚು ಓವರ್‌ಟೈಮ್ ಮಾಡಿದವರು ಅದರ ಹಣ ಆಗಲೇ ಪಡೆದಿದ್ದಾರೆ, ಲಾಭದ ಪಾಲಿನಲ್ಲೂ ಅದರ ಮೇಲೆ ಇನ್ನಷ್ಟು ಪಡೆಯಬೇಕೇ ಎನ್ನುವುದು ಮಾಲೀಕರು ತೀರ್ಮಾನಿಸಬೇಕಾದ ವಿಷಯ. ನನ್ನ ಮಟ್ಟಿಗೆ ಸಣ್ಣ ಶಾಪಿನಲ್ಲಿ ನಿಗದಿಯಾದ ತಿಂಗಳ ಸಂಬಳ ಮಾತ್ರ ಹಿಡಿಯುವುದು ಒಳ್ಳೆಯದು. ಬೇಸಿಕ್, ಡಿಎ, ಎಚ್‌ಆರ್‌ಎ ಎಂದು ಸಂಬಳ ಒಡೆದಿರುವ ಕಡೆ ಒಬ್ಬರಿಗೆ ಬೇಸಿಕ್ ಅರ್ಧ, ಇನ್ನೊಬ್ಬರಿಗೆ ಮುಕ್ಕಾಲು ಇರಬಹುದು. ಅಲ್ಲಿ ಯಾವುದನ್ನು ಹಿಡಿಯುತ್ತೇವೆ ಎಂದು ಬರೆದಿಡದಿದ್ದರೆ ಒಂದೇ ಸಂಬಳದ ಇಬ್ಬರಿಗೆ ಬೇರೆ ಬೇರೆ ಪಾಲು ಬಂದು ಜಗಳವಾಗುತ್ತದೆ.

ತಿಂಗಳನ್ನು ಎಣಿಸುವುದು ನಿಮ್ಮಲ್ಲಿ ಈ ಸಲ ಸುಲಭವಾಯಿತು, ಎಲ್ಲರೂ ಒಂದನೇ ತಾರೀಖಿಗೆ ಬಂದಿದ್ದಾರೆ ಅಥವಾ ತಿಂಗಳ ಕೊನೆಗೆ ಹೋಗಿದ್ದಾರೆ. ಟರ್ನರ್ ಅಕ್ಟೋಬರ್ 17ಕ್ಕೆ ಸೇರಿದ್ದರೆ? ಕೆಲವರು ‘15 ದಿನ ಅಥವಾ ಹೆಚ್ಚು ಇದ್ದರೆ ಪೂರ್ತಿ ತಿಂಗಳು, ಕಡಿಮೆಯಾದರೆ ಸೊನ್ನೆ’ ಎಂದು ಇಟ್ಟುಕೊಳ್ಳುತ್ತಾರೆ. 17ಕ್ಕೆ ಬಂದವರಿಗೆ ಅಕ್ಟೋಬರಿನಲ್ಲಿ 15 ದಿನ ಸಿಗುತ್ತದೆ, 6 ತಿಂಗಳಾಗುತ್ತದೆ. ಒಂದು ದಿನ ತಡವಾಗಿ 18ಕ್ಕೆ ಬಂದವರಿಗೆ 5 ತಿಂಗಳು. ನಿಮ್ಮ ಪಟ್ಟಿಯಲ್ಲಿ ಆ ಒಂದು ದಿನದ ಬೆಲೆ ಸುಮಾರು ₹3,100. ಏಳು ಜನರ ಶಾಪಿನಲ್ಲಿ ದಿನ ಲೆಕ್ಕ ಹಾಕುವುದು ಕಷ್ಟವೇನಲ್ಲ: 31 ದಿನದ ತಿಂಗಳಲ್ಲಿ 15 ದಿನ, ಅಂದರೆ 0.48 ತಿಂಗಳು, ಜೊತೆಗೆ ಐದು ಪೂರ್ತಿ ತಿಂಗಳು, ಒಟ್ಟು 5.48. ನೂರಾರು ಜನರಿರುವ ಕಡೆ ಪೂರ್ತಿ ತಿಂಗಳ ನಿಯಮ ಇಟ್ಟುಕೊಂಡರೂ ನನ್ನ ಆಕ್ಷೇಪವಿಲ್ಲ, ಮೊದಲೇ ಬರೆದಿದ್ದರೆ ಸರಿ.

ರಜೆಯ ಮಾತೂ ಇಲ್ಲೇ ಬರುತ್ತದೆ. ಸಂಬಳ ಸಹಿತ ರಜೆ, ಸಂಬಳ ಸಹಿತ ಹೆರಿಗೆ ರಜೆ, ಕೆಲಸದ ಮೇಲೆ ಗಾಯವಾಗಿ ಮನೆಯಲ್ಲಿ ಇದ್ದ ದಿನಗಳು ಇವನ್ನು ದುಡಿದ ದಿನಗಳೆಂದೇ ಎಣಿಸಿ. ಬೋನಸ್ ಕಾನೂನೂ ಕೆಲಸ ಮಾಡಿದ ದಿನ ಎಣಿಸುವಾಗ ಇವನ್ನು ಬಿಡುವುದಿಲ್ಲ. ಸಂಬಳ ಕಡಿತದ ರಜೆ ಮಾತ್ರ ಕಳೆಯಬಹುದು. ಕಳೆಯುವುದಾದರೆ ಎಲ್ಲರಿಗೂ ಕಳೆಯಿರಿ. ಒಬ್ಬರ ಎರಡು ತಿಂಗಳ ರಜೆ ಕಳೆದು, ಇನ್ನೊಬ್ಬರ ನಾಲ್ಕು ದಿನದ್ದನ್ನು ‘ಇರಲಿ ಬಿಡಿ’ ಅನ್ನುವುದು ಬೇಡ.

ಬಿಟ್ಟು ಹೋದ ಹೆಲ್ಪರ್‌ಗೆ ಕೊಡಬೇಕೇ ಅಂತ ಕೇಳಿದ್ದೀರಿ. ನಿಮ್ಮ ಸಂಖ್ಯೆ ಏಳು. 1965ರ ಬೋನಸ್ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯ ಬೋನಸ್ ನಿಯಮಗಳು 20 ಅಥವಾ ಹೆಚ್ಚು ಜನರಿರುವ ಕಡೆಗೆ ಅನ್ವಯ. ಆದ್ದರಿಂದ ನಿಮ್ಮದು ಮಾಲೀಕರ ಸ್ವಂತ ಯೋಜನೆ, ಅವರು ಬರೆದ ನಿಯಮವೇ ಪ್ರಮಾಣ. ಕೊಡದಿರುವುದಕ್ಕೆ ಅಡ್ಡಿಯಿಲ್ಲ, ಆದರೆ ಕೊಡದಿದ್ದರೆ ಆ ₹20,000 ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಮೊದಲು ತೀರ್ಮಾನಿಸಿ. ಅವರ ಸಾಲನ್ನೇ ಪಟ್ಟಿಯಿಂದ ಅಳಿಸಿದರೆ ಒಟ್ಟು ಅಂಕ 16,56,000ಕ್ಕೆ ಇಳಿಯುತ್ತದೆ, ಉಳಿದವರ ಪಾಲು ಏರುತ್ತದೆ: ಟರ್ನರ್‌ಗೆ ₹21,739, ಸೂಪರ್‌ವೈಸರ್‌ಗೆ ₹72,464. ಮಾಲೀಕರಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಸಾಲನ್ನು ಇಟ್ಟುಕೊಂಡು ಹಣ ಮಾತ್ರ ಕೊಡದಿದ್ದರೆ ₹20,000 ಮಾಲೀಕರಿಗೆ ವಾಪಸ್. ಇವೆರಡೂ ಬೇರೆ ಬೇರೆ ನಿಯಮಗಳು. ‘ಬಿಟ್ಟವರಿಗೆ ಇಲ್ಲ’ ಎಂದಷ್ಟೇ ಬರೆದಿರುವ ಕಡೆ ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಆಗಿಬಿಡುತ್ತದೆ. ಎಂಟು ತಿಂಗಳು ದುಡಿದು ಆ ಲಾಭಕ್ಕೆ ಕೈ ಹಚ್ಚಿದವರಿಗೆ ಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ತಿಂಗಳ ಲೆಕ್ಕ ಇಟ್ಟಿರುವುದೇ ಅದಕ್ಕಾಗಿ.

ನಾಳೆ ಶಾಪ್ ಬೆಳೆದು 20 ಜನರಾದರೆ ಇಷ್ಟು ಸಡಿಲ ಇರುವುದಿಲ್ಲ. ಆಗ ಸಂಬಳದ ಮಿತಿಯೊಳಗೆ ಬರುವ, ವರ್ಷದಲ್ಲಿ ಕನಿಷ್ಠ 30 ದಿನ ದುಡಿದ ಪ್ರತಿಯೊಬ್ಬರಿಗೂ 8.33 ಶೇಕಡಾ ಬೋನಸ್ ಕಡ್ಡಾಯ, ಲಾಭ ಆಗದಿದ್ದರೂ. ರಾಜೀನಾಮೆ ಕೊಟ್ಟು ಹೋದವರಿಗೂ ಅದು ಸಲ್ಲುತ್ತದೆ. ಕಳವು, ವಂಚನೆ, ಹೊಡೆದಾಟದಂಥ ಕಾರಣಕ್ಕೆ ವಜಾ ಆದವರಿಗೆ ಮಾತ್ರ ತಪ್ಪುತ್ತದೆ. ಗಳಿಕೆಯ ಪ್ರಮಾಣದಲ್ಲಿ ಹಂಚುವ ನಿಮ್ಮ ವಿಧಾನದಲ್ಲಿ ಎಲ್ಲರಿಗೂ ಒಂದೇ ಶೇಕಡಾ ಬರುವುದರಿಂದ, ಆ ಒಂದು ಸಂಖ್ಯೆ 8.33ಕ್ಕಿಂತ ಮೇಲಿದೆಯೇ ಎಂದು ನೋಡಿದರೆ ಎಲ್ಲರ ಕನಿಷ್ಠವೂ ಒಮ್ಮೆಗೇ ಗೊತ್ತಾಗುತ್ತದೆ.

ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹಾಕುವಾಗ B ಕಾಲಂನಲ್ಲಿ ಸಂಬಳ, Cಯಲ್ಲಿ ತಿಂಗಳು, Dಯಲ್ಲಿ ಅಂಕ, G1ರಲ್ಲಿ ಹಂಚುವ ಹಣ ಇಡಿ. ಏಳು ಜನರ ಸಾಲುಗಳು 2ರಿಂದ 8. ಅಂಕದ ಸೂತ್ರ, ಸಂಬಳ ಏರಿದವರ ಅಂಕ, ಪಾಲಿನ ಸೂತ್ರ ಕ್ರಮವಾಗಿ ಹೀಗೆ:

```
=B2*C2
=20000*6+22000*6
=$G$1*D2/SUM($D$2:$D$8)
```

ಡಾಲರ್ ಗುರುತು ಬಿಡಬೇಡಿ. ಬಿಟ್ಟು ಕೆಳಗೆ ಎಳೆದರೆ ಮೊತ್ತದ ವ್ಯಾಪ್ತಿಯೂ ಒಂದೊಂದು ಸಾಲು ಜಾರುತ್ತಾ ಹೋಗುತ್ತದೆ, ಕೆಳಗಿನವರನ್ನು ಕಡಿಮೆ ಜನರ ಮೊತ್ತದಿಂದ ಭಾಗಿಸಿದಂತಾಗಿ ಅವರಿಗೆ ಸುಳ್ಳು ಪಾಲು ಬರುತ್ತದೆ. G1 ಜಾರಿದರೆ ಕೆಳಗಿನ ಸಾಲುಗಳಲ್ಲಿ ಸೊನ್ನೆಯೇ ಕಾಣಿಸುತ್ತದೆ. ಮೊದಲು ದರ ಕಂಡುಹಿಡಿದು, ಅದನ್ನು 0.14 ಎಂದು ಸುತ್ತಿಸಿ, ಆಮೇಲೆ ಗುಣಿಸುವ ಅಭ್ಯಾಸವೂ ಬೇಡ. ಹಾಗೆ ಮಾಡಿದರೆ ನಿಮ್ಮ ಪಟ್ಟಿಯ ಮೊತ್ತ ₹2,52,000 ಆಗುತ್ತದೆ, ಎರಡು ಸಾವಿರ ಮಾಲೀಕರ ಜೇಬಿನಿಂದ. 13.89 ಎನ್ನುವುದು ಬಾಯಲ್ಲಿ ಹೇಳಲಿಕ್ಕೆ ಮಾತ್ರ.

ಪೈಸೆಯ ಮಾತು ಕೊನೆಗೆ ಉಳಿಯುತ್ತದೆ. ಮೇಲಿನ ಮೂವರಿಗೆ 67 ಪೈಸೆ ಬಂದಿದೆ, ಎಲ್ಲವನ್ನೂ ಮೇಲಕ್ಕೆ ಸುತ್ತಿಸಿದರೆ ಒಟ್ಟು ₹2,50,001. ಒಂದು ರೂಪಾಯಿ ಹೆಚ್ಚಾದರೆ ಯಾರೂ ಕೇಳುವುದಿಲ್ಲ, ಆದರೆ ವೋಚರ್ ಮತ್ತು ಲೆಡ್ಜರ್ ತಾಳೆಯಾಗದೆ ನೀವೇ ಸಂಜೆ ತನಕ ಹುಡುಕುತ್ತೀರಿ. ಎಲ್ಲರ ಪೈಸೆಯನ್ನೂ ಮೊದಲು ಬಿಟ್ಟುಬಿಡಿ, ₹2,49,998 ಆಗುತ್ತದೆ. ಉಳಿದ ₹2ನ್ನು ಹೆಚ್ಚು ಪೈಸೆ ಬಿಟ್ಟವರಿಗೆ ಒಂದೊಂದು ರೂಪಾಯಿ ಕೊಡಿ. ಇಲ್ಲಿ ಮೂವರದ್ದೂ ಸಮ ಇರುವುದರಿಂದ ಕಡಿಮೆ ಸಂಬಳದ ಇಬ್ಬರಿಗೆ ಕೊಟ್ಟರೆ ಸೂಪರ್‌ವೈಸರ್‌ಗೆ ₹66,666, ಆಪರೇಟರ್‌ಗೆ ₹46,667, ನಿಮಗೆ ₹41,667.

ದೀಪಾವಳಿಗೆ ಯಾರಿಗಾದರೂ ಮುಂಗಡ ಕೊಟ್ಟಿದ್ದರೆ ಅದನ್ನು ₹2,50,000ದಿಂದ ಮೊದಲೇ ಕಳೆದು ಉಳಿದದ್ದನ್ನು ಹಂಚಬೇಡಿ. ಹಾಗೆ ಮಾಡಿದರೆ ಮುಂಗಡ ತೆಗೆದುಕೊಳ್ಳದವರೂ ಅದರ ಭಾರ ಹೊರುತ್ತಾರೆ. ಪೂರ್ತಿ ಹಣವನ್ನು ಹಂಚಿ, ಆಮೇಲೆ ಪಡೆದವರ ಪಾಲಿನಿಂದ ಮಾತ್ರ ಕಳೆಯಿರಿ.

ಮಾಲೀಕರು ಪಟ್ಟಿ ನೋಡಿ ‘ಸೂಪರ್‌ವೈಸರ್‌ಗೆ ಇಷ್ಟೊಂದು, ಹೆಲ್ಪರ್‌ಗೆ ಇಷ್ಟೇನಾ’ ಎಂದರೆ, ಅದಕ್ಕೂ ಒಂದು ದಾರಿ ಇದೆ. ಮೆಕ್ಸಿಕೋದಲ್ಲಿ ಕಂಪನಿಗಳು ತೆರಿಗೆಗೆ ಒಳಪಡುವ ಲಾಭದ 10 ಶೇಕಡಾವನ್ನು ಕೆಲಸಗಾರರಿಗೆ ಹಂಚಬೇಕೆಂಬ ಕಾನೂನಿದೆ. ಆ ಹಣವನ್ನು ಎರಡು ಸಮಭಾಗ ಮಾಡಿ, ಒಂದನ್ನು ದುಡಿದ ದಿನಗಳ ಪ್ರಮಾಣದಲ್ಲಿ, ಇನ್ನೊಂದನ್ನು ಗಳಿಸಿದ ಸಂಬಳದ ಪ್ರಮಾಣದಲ್ಲಿ ಕೊಡುತ್ತಾರೆ. ನಿಮ್ಮಲ್ಲಿ ಎಲ್ಲರ ತಿಂಗಳು ಕೂಡಿದರೆ 71. ₹1,25,000ವನ್ನು 71ರಿಂದ ಭಾಗಿಸಿದರೆ ಒಂದು ತಿಂಗಳಿಗೆ ಸುಮಾರು ₹1,761. ಒಂಬತ್ತು ತಿಂಗಳಿನ ಹೆಲ್ಪರ್‌ಗೆ ತಿಂಗಳ ಭಾಗದಿಂದ ₹15,845, ಸಂಬಳದ ಭಾಗದಿಂದ ₹10,000, ಒಟ್ಟು ₹25,845 ಆಗುತ್ತದೆ. ಸೂಪರ್‌ವೈಸರ್ ಪಾಲು ₹54,460ಕ್ಕೆ ಇಳಿಯುತ್ತದೆ. ಹೀಗೆ ಮಾಡಿದಾಗ ಎಲ್ಲರಿಗೂ ಒಂದೇ ಶೇಕಡಾ ಬರುವುದಿಲ್ಲ, ಆದ್ದರಿಂದ ನಾನು ಮೇಲೆ ಹೇಳಿದ ಶೇಕಡಾ ತಾಳೆ ಇದಕ್ಕೆ ಹೊಂದುವುದಿಲ್ಲ. ಎರಡು ಭಾಗಗಳನ್ನು ಬೇರೆ ಬೇರೆಯಾಗಿಯೇ ತಾಳೆ ನೋಡಬೇಕು. ವಿಧಾನ ಬದಲಿಸುವುದಿದ್ದರೆ ಮುಂದಿನ ವರ್ಷಕ್ಕೆ ಬದಲಿಸಿ. ಪಾಲು ಎಷ್ಟೆಂದು ಗೊತ್ತಾದ ಮೇಲೆ ಈ ವರ್ಷದ್ದನ್ನು ಬದಲಿಸಿದರೆ ಸೂಪರ್‌ವೈಸರ್ ಎದುರು ಮಾಲೀಕರೇ ಉತ್ತರಿಸಬೇಕಾಗುತ್ತದೆ.

ಹಣ ಕೊಡುವ ಮೊದಲು ಸೇರಿದ ದಿನಾಂಕ, ಬಿಟ್ಟ ದಿನಾಂಕ, ಕಳೆದ ರಜೆ, ಎಣಿಸಿದ ತಿಂಗಳು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಸಂಬಳದ ಕಾಲಂ ಇಲ್ಲದೆ, ಎಲ್ಲರ ಸಹಿ ಹಾಕಿಸಿಕೊಳ್ಳಿ. ಒಬ್ಬರ ಒಂದು ತಿಂಗಳು ತಿದ್ದಿದರೆ ಏಳೂ ಜನರ ಪಾಲು ಬದಲಾಗುತ್ತದೆ. ಹಣ ಕೊಟ್ಟ ಮೇಲೆ ಈ ತಿದ್ದುಪಡಿ ಬಂದರೆ ಆರು ಜನರಿಂದ ವಾಪಸ್ ಕೇಳಬೇಕಾಗುತ್ತದೆ, ಅದು ಆಗುವ ಮಾತಲ್ಲ. ಪಾಲು ಕೆಲಸಗಾರರಿಗೆ ಸಂಬಳದ ಆದಾಯವೇ, ಕೊಡುವ ತಿಂಗಳಲ್ಲಿ ಅವರ ತೆರಿಗೆ ಲೆಕ್ಕಕ್ಕೆ ಸೇರಿಸಿ. ಶಾಪಿನ ಲೆಕ್ಕದಲ್ಲಿ ಇದನ್ನು ಇದೇ ವರ್ಷದ ಖರ್ಚಾಗಿ ತೋರಿಸಬೇಕಾದರೆ, ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಹಣ ನಿಜವಾಗಿ ಕೈ ಸೇರಿರಬೇಕು. ಪುಸ್ತಕದಲ್ಲಿ ಬರೆದಿಟ್ಟು ಕೊಡದಿದ್ದರೆ ಖರ್ಚು ಕೊಟ್ಟ ವರ್ಷಕ್ಕೆ ಜಾರುತ್ತದೆ. ಬಿಟ್ಟು ಹೋದ ಹೆಲ್ಪರ್‌ನ ₹20,000 ಹಾಗೆ ಉಳಿಯುವುದೇ ಹೆಚ್ಚು, ಆದ್ದರಿಂದ ಅವರ ಬ್ಯಾಂಕ್ ಖಾತೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.